ಲಾಕ್ ಆದ ಖಾತೆ, ಎರಡು ದಿನದ ಗಡುವು

ಸೋಮವಾರ ಸಂಜೆ ಕುಷ್ಟಗಿಯಿಂದ ಸುದ್ದಿ ಕಳಿಸಿ ಮನೆಗೆ ಬಂದೆವು. ಅಕ್ಕನ ಮಗಳು ಫೋನ್ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. "ಮಾಮಾ, ಅಕೌಂಟ್ ಲಾಕ್ ಆಗೈತಿ" ಅಂದಳು. ಪರೀಕ್ಷೆಯ ಶುಲ್ಕ ಕಟ್ಟಿ ಸ್ಲಾಟ್ ಆರಿಸಿದ್ದಳು, ಆದರೆ ಅದನ್ನು ಖಚಿತ ಮಾಡಿರಲಿಲ್ಲ. ಬುಧವಾರ ರಾತ್ರಿಯೊಳಗೆ ಮಾಡದಿದ್ದರೆ ಸ್ಲಾಟ್ ಬೇರೆಯವರಿಗೆ ಹೋಗುತ್ತಿತ್ತು. ಮುಂದಿನ ಪರೀಕ್ಷೆಗೆ ಒಂದು ವರ್ಷ ಕಾಯಬೇಕು.

ಪಾಸ್‌ವರ್ಡ್ ಮರೆತು ಐದು ಸಲ ತಪ್ಪು ಹಾಕಿದ್ದಳು. ಹೊಸದು ಮಾಡೋಣವೆಂದರೆ ಓಟಿಪಿ ಬರುತ್ತಿಲ್ಲ. ಕೇಳಿದಾಗ ಗೊತ್ತಾಯಿತು: ಅರ್ಜಿ ತುಂಬಿದ ಕಂಪ್ಯೂಟರ್ ಅಂಗಡಿಯವನು ತನ್ನದೇ ನಂಬರ್ ಹಾಕಿದ್ದ. ಆ ಸಿಮ್ ಈಗ ಬಂದ್ ಆಗಿತ್ತು. ನಮ್ಮ ಊರುಗಳಲ್ಲಿ ಹೀಗಾಗುವುದು ಹೊಸದಲ್ಲ. ಪುಣ್ಯಕ್ಕೆ ಇ-ಮೇಲ್ ಮಾತ್ರ ಅವಳದೇ ಇತ್ತು.

ಮೊದಲು ಮತ್ತೆ ಪಾಸ್‌ವರ್ಡ್ ಹಾಕುವುದನ್ನು ನಿಲ್ಲಿಸಿದೆವು. ಕೆಲವು ಕಡೆ ಪ್ರತಿ ತಪ್ಪು ಯತ್ನಕ್ಕೂ ಲಾಕ್ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹೊಸ ಖಾತೆ ತೆರೆಯೋಣವೆಂದಳು, ಅದನ್ನೂ ತಡೆದೆವು. ಒಬ್ಬರದೇ ಎರಡು ಅರ್ಜಿ ಕಂಡರೆ ಎರಡನ್ನೂ ತಿರಸ್ಕರಿಸುವ ನಿಯಮ ಹಲವು ಪರೀಕ್ಷೆಗಳಲ್ಲಿದೆ.

ಸಹಾಯವಾಣಿಯವರು "ಮೇಲ್ ಮಾಡಿ" ಅಂದರು. ಅವಳು ಬರೆದಿದ್ದು ಹೀಗಿತ್ತು: "ಸರ್, ದಯವಿಟ್ಟು ಸಹಾಯ ಮಾಡಿ, ನನ್ನ ಭವಿಷ್ಯ ಹಾಳಾಗುತ್ತದೆ." ಓದಿ ಹೊಟ್ಟೆ ಚುರುಕ್ ಎಂದಿತು. ಆದರೆ ಯಾರ ಅರ್ಜಿ, ಯಾವ ಸ್ಲಾಟ್ ಎಂಬುದೇ ಅದರಲ್ಲಿರಲಿಲ್ಲ. ಸುದ್ದಿಯ ಮೊದಲ ಸಾಲಿನಲ್ಲಿ ಯಾರು, ಏನು, ಯಾವಾಗ ಎಂದು ಬರೆಯುವಂತೆ ಮತ್ತೆ ಬರೆಸಿದೆವು.

ವಿಷಯದ ಸಾಲಿನಲ್ಲಿಯೇ ಅರ್ಜಿ ಸಂಖ್ಯೆ, "ಖಾತೆ ಲಾಕ್, ಬುಧವಾರ ಕೊನೆ ದಿನ" ಎಂದು ಹಾಕಿದೆವು. ಒಳಗೆ ಹೆಸರು, ಹುಟ್ಟಿದ ದಿನಾಂಕ, ಆರಿಸಿದ ಕೇಂದ್ರ ಮತ್ತು ಸಮಯ, ಶುಲ್ಕ ಕಟ್ಟಿದ ವಹಿವಾಟು ಸಂಖ್ಯೆ. ನಂತರ ಲಾಕ್ ಆದ ಹೊತ್ತು, ಪರದೆಯ ಸ್ಕ್ರೀನ್‌ಶಾಟ್, ಹಳೇ ನಂಬರ್ ಬಂದ್ ಆಗಿರುವ ಕಾರಣ. ಕೊನೆಗೆ ಎರಡೇ ಬೇಡಿಕೆ: ಲಾಕ್ ತೆಗೆಯಿರಿ, ಮೊಬೈಲ್ ನಂಬರ್ ಬದಲಿಸಿ, ಅಲ್ಲಿಯವರೆಗೆ ಸ್ಲಾಟ್ ಉಳಿಸಿ ಎಂಬ ವಿನಂತಿಯನ್ನೂ ಸೇರಿಸಿದೆವು. ಪಾಸ್‌ವರ್ಡ್, ಓಟಿಪಿ ಎಲ್ಲೂ ಬರೆಯಲಿಲ್ಲ. ಅವಳ ನೋಂದಾಯಿತ ಇ-ಮೇಲ್‌ನಿಂದಲೇ ಕಳಿಸಿದೆವು. ನಮ್ಮದರಿಂದ ಹೋಗಿದ್ದರೆ ಅವರು ನಂಬಬೇಕಾದ ಕಾರಣವಿಲ್ಲ.

ಮಂಗಳವಾರ ಉತ್ತರವಿಲ್ಲ. ಹೊಸ ಮೇಲ್ ಬರೆಯದೆ, ಅದೇ ಮೇಲ್‌ಗೆ ಒಂದು ಸಾಲು ಸೇರಿಸಿ ನೆನಪಿಸಿದೆವು. ಬುಧವಾರ ಹನ್ನೊಂದಕ್ಕೆ ಗುರುತಿನ ಚೀಟಿ ಕೇಳಿದರು, ತಕ್ಷಣ ಕಳಿಸಿದಳು. ನಾಲ್ಕು ಗಂಟೆಗೆ ಖಾತೆ ತೆರೆಯಿತು. ಸ್ಲಾಟ್ ಖಚಿತ ಮಾಡಿ, ಆ ಪುಟದ ಪ್ರಿಂಟ್ ತೆಗೆಸಿಕೊಂಡು ಬಂದಳು.

ಆ ರಾತ್ರಿ ಓಣಿಯ ಇನ್ನೂ ಮೂವರು ಮಕ್ಕಳ ಅರ್ಜಿ ತೆಗೆದು ನೋಡಿದೆವು. ಎರಡರಲ್ಲಿ ಅದೇ ಅಂಗಡಿಯವನ ನಂಬರ್ ಇತ್ತು.