ತಿಂಗಳ ಕೊನೆಯ ಲೆಕ್ಕ

ಷೇರು ವ್ಯವಹಾರಕ್ಕೆಂದು ನಾವು ಅಣ್ಣತಮ್ಮಂದಿರು ತೆಗೆದಿರಿಸಿರುವ ಹಣ 2 ಲಕ್ಷ ರೂಪಾಯಿ. ಪ್ರತಿ ತಿಂಗಳ ಕೊನೆಯ ಭಾನುವಾರ ಅಂಗಡಿಯ ಕಿರ್ದಿ ಮುಗಿದ ಬಳಿಕ ಅದರ ಲೆಕ್ಕಕ್ಕೆ ಕುಳಿತುಕೊಳ್ಳುವುದು ವಾಡಿಕೆ. ಚೌಕುಳಿ ಕಾಗದದ ಮೇಲೆ ದಿನಕ್ಕೊಂದು ಚುಕ್ಕೆಯಿಟ್ಟು ಬಂಡವಾಳದ ಏರಿಳಿತದ ಗೆರೆಯನ್ನು ಎಳೆಯುತ್ತೇವೆ. ಮಾರಿ ಮುಗಿದ ಷೇರುಗಳನ್ನಷ್ಟೇ ಎಣಿಸಿದರೆ ಈ ಗೆರೆ ಸುಳ್ಳು ಹೇಳುತ್ತದೆ. ಕೈಯಲ್ಲಿರುವ ಷೇರುಗಳಿಗೂ ಅಂದಿನ ಮುಕ್ತಾಯದ ಬೆಲೆ ಕಟ್ಟಬೇಕು.

ಕಳೆದ ತಿಂಗಳು ಗೆರೆಯು 12ನೇ ತಾರೀಖಿಗೆ 2,07,400ಕ್ಕೆ ಏರಿತ್ತು. ಮರುದಿನ ಒಂದು ಕಂಪನಿಯ 100 ಷೇರುಗಳನ್ನು 500 ರೂಪಾಯಿಯಂತೆ ಕೊಂಡು, 480ಕ್ಕೆ ಇಳಿದರೆ ಮಾರಿಬಿಡುವಂತೆ ಸ್ಟಾಪ್-ಲಾಸ್ ಇಟ್ಟೆವು. ಒಂದು ವ್ಯವಹಾರದಲ್ಲಿ 2,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದೆಂಬುದು ನಮ್ಮ ನಿಯಮ. 17ರಂದು ಬೆಲೆ 482ಕ್ಕೆ ಕುಸಿಯಿತು. ಆಗ ನಮಗೇಕೋ ಆಸೆ ಹುಟ್ಟಿತು. ಸರಾಸರಿ ಬೆಲೆ ಇಳಿಸಿಕೊಳ್ಳುವ ನೆಪದಲ್ಲಿ ಇನ್ನೂ 100 ಷೇರು ಕೊಂಡು ಸ್ಟಾಪ್-ಲಾಸ್ ತೆಗೆದುಹಾಕಿದೆವು. ಮಧ್ಯಾಹ್ನ ಬೆಲೆ 478 ಮುಟ್ಟಿ 479ಕ್ಕೆ ನಿಂತಿತು. ಅಂದಿನ ಚುಕ್ಕೆ 2,05,000. ಮಾರಿದ ಲೆಕ್ಕವನ್ನಷ್ಟೇ ನೋಡಿದ್ದರೆ ಇನ್ನೂ 2,07,400 ಎಂದೇ ಕಾಣುತ್ತಿತ್ತು. ಸಂಜೆ ಕಂಪನಿಯ ತ್ರೈಮಾಸಿಕ ಫಲಿತಾಂಶ ಬಂತು. ಬೆಳಿಗ್ಗೆ ಪೇಟೆ ತೆರೆದಾಗ ಬೆಲೆ 452! 450ಕ್ಕೆ ಎಲ್ಲವನ್ನೂ ಮಾರಿದೆವು. ನಷ್ಟ 8,200.

ಆ ನಷ್ಟವನ್ನು ಅದೇ ವಾರ ತುಂಬಿಕೊಳ್ಳಬೇಕೆಂಬ ಹಟದಿಂದ ಐದು ದಿನಗಳಲ್ಲಿ ಏಳು ವ್ಯವಹಾರ ಮಾಡಿ 3,600 ಕಳೆದೆವು. ಕೊನೆಗೊಂದು 1,300ರ ಲಾಭ ಸೇರಿ ತಿಂಗಳು 1,96,900ಕ್ಕೆ ಮುಗಿಯಿತು. ಶಿಖರದಿಂದ ತಳಕ್ಕೆ ಗೆರೆ ಇಳಿದದ್ದು 11,800, ಅಂದರೆ ಶೇಕಡಾ 5.7ರಷ್ಟು.

ಸ್ಟಾಪ್-ಲಾಸನ್ನು ಅಲ್ಲಿಯೇ ಬಿಟ್ಟಿದ್ದರೆ ಅಂದು ಮಧ್ಯಾಹ್ನವೇ ಸುಮಾರು 2,000ಕ್ಕೆ ಹೊರಬರುತ್ತಿದ್ದೆವು. ಉಳಿದ ಎಲ್ಲ ತಪ್ಪುಗಳ ಸಮೇತ ತಿಂಗಳು 3,100 ರೂಪಾಯಿ ಲಾಭದಲ್ಲಿ ಮುಗಿಯುತ್ತಿತ್ತು. ಈಗ ಅಷ್ಟೇ ಮೊತ್ತದ ನಷ್ಟವಿದೆ. ಚಹಾ ತಂದ ವೈನಿಯವರು ಕಾಗದ ನೋಡಿ, “ಹುಳ ಬಿದ್ದ ಬ್ಯಾಳಿ ಅಗ್ಗ ಸಿಗ್ತದಂತ ಅಂಗಡಿಗೆ ಇನ್ನೊಂದು ಚೀಲ ತರ್ತೀರೇನು?” ಎಂದರು. ಅಣ್ಣ ಮಾತಾಡಲಿಲ್ಲ.

ಮುಂದಿನ ತಿಂಗಳಿಗೆ ನಿಯಮಗಳನ್ನೆಲ್ಲ ತಿರುವಿ ಬರೆಯಬೇಕೆಂದು ಅವನ ಹಟ. ನಾವು ಒಪ್ಪಲಿಲ್ಲ. ಹದಿಮೂರು ವ್ಯವಹಾರಗಳಿಂದ ಷೇರು ಆರಿಸುವ ರೀತಿ ಸರಿಯೋ ತಪ್ಪೋ ತಿಳಿಯದು; ತಿಳಿದದ್ದು ನಮ್ಮ ಕೈಯ ದೋಷ ಮಾತ್ರ. ಆದ್ದರಿಂದ ನಷ್ಟದಲ್ಲಿರುವ ಷೇರನ್ನು ಮತ್ತೆ ಕೊಳ್ಳಬಾರದು, ಸ್ಟಾಪ್-ಲಾಸನ್ನು ಮೇಲಕ್ಕೆ ಸರಿಸಬಹುದೇ ಹೊರತು ಕೆಳಕ್ಕಲ್ಲ ಎಂದು ಬರೆದೆವು. ಫಲಿತಾಂಶದ ಹಿಂದಿನ ಸಂಜೆ ಷೇರು ಕೈಯಲ್ಲಿರಕೂಡದೆಂಬುದನ್ನೂ ಸೇರಿಸಿದೆವು. ರಾತ್ರಿ ಕಳೆದು ಬೆಲೆ 480ರಿಂದ 452ಕ್ಕೆ ಹಾರಿದರೆ ಸ್ಟಾಪ್-ಲಾಸ್ ಇದ್ದರೂ ಮಾರಾಟವಾಗುವುದು 452ರ ಆಸುಪಾಸಿನಲ್ಲಿಯೇ. ದೊಡ್ಡ ನಷ್ಟದ ಬಳಿಕ ಎರಡು ದಿನ ಪೇಟೆಗೆ ರಜೆ. ಈ ಕೊನೆಯದನ್ನು ಪಾಲಿಸುವೆವೋ ಇಲ್ಲವೋ ಎಂಬ ಅಳುಕು ನಮಗಿದೆ. ಹಾಗಾಗಿ ಲಾಗಿನ್ ಪಾಸ್‌ವರ್ಡನ್ನು ಬದಲಿಸಿ, ಅದನ್ನು ಬರೆದ ಚೀಟಿಯನ್ನು ವೈನಿಯವರ ಕೈಗೆ ಕೊಟ್ಟಿದ್ದೇವೆ.