ಸೋಮಾರಿ ಅಣ್ಣನಿಗೊಂದು ನಡತೆ ಪ್ರಮಾಣಪತ್ರ

ನಮ್ಮ ಸೆಕ್ಷನ್ನಿನ ಅಣ್ಣ ಒಬ್ಬರು 60 ತುಂಬಿ ಮೊನ್ನೆ ತಿಂಗಳ ಕೊನೇ ದಿನ ರಿಟೈರ್ ಆದರು. ವಯಸ್ಸಿನಲ್ಲಿ ಹಿರಿಯರು, ಆದರೆ ನಮ್ಮಿಬ್ಬರದು ಗೆಳೆತನವೇ. ಬೀಳ್ಕೊಡುಗೆಯಲ್ಲಿ ಓದೋದಕ್ಕೆ ಅಂತ ಅವರಿಗೊಂದು ತಮಾಷೆ ಪ್ರಮಾಣಪತ್ರ ಬರೆದಿದ್ದೆ. ಹೀಗಿತ್ತು:

"ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿಯವರು 10.30ಕ್ಕೆ ಮುಂಚೆ ಕಚೇರಿಗೆ ಬಂದ ಬಗ್ಗೆ ಯಾವುದೇ ದಾಖಲೆ ಲಭ್ಯವಿರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಖರ್ಚಾಗಲು ಇವರೇ ಮುಖ್ಯ ಕಾರಣರು. ಸಮಯಪಾಲನೆಯ ಈ ಕೊರತೆ ಸಂಜೆಗೂ ಅನ್ವಯಿಸುತ್ತದೆ. 5.30 ಆದಮೇಲೂ ಯಾರಾದರೂ ಅರ್ಜಿ ಹಿಡಿದು ನಿಂತಿದ್ದರೆ ಇವರಿಗೆ ಗಡಿಯಾರ ಕಾಣುವುದಿಲ್ಲ.

ಸೋಮಾರಿತನದಲ್ಲಿ ಇವರನ್ನು ಮೀರಿಸಿದವರಿಲ್ಲ. ಒಂದು ಅರ್ಜಿ ವಾಪಸ್ ಕಳಿಸಲು ಟಿಪ್ಪಣಿ ಬರೆಯಬೇಕು, ಹಿಂಬರಹ ಟೈಪ್ ಮಾಡಬೇಕು, ಸಾಹೇಬರ ಸಹಿ ಪಡೆಯಬೇಕು, ರವಾನೆ ಪುಸ್ತಕದಲ್ಲಿ ನಂಬರ್ ಹಾಕಬೇಕು. ಇಷ್ಟು ಕೆಲಸಕ್ಕೆ ಬೇಸತ್ತು ಸದರಿಯವರು ಅರ್ಜಿದಾರರಿಗೆ ನೇರ ಫೋನ್ ಮಾಡಿ, 'ಅಮ್ಮಾ, ಆದಾಯ ಪ್ರಮಾಣಪತ್ರದ ಜೆರಾಕ್ಸ್ ಬಿಟ್ಟೋಗಿದೆ, ನಾಳೆ ತಂದ್ಬಿಡಿ' ಎಂದು ಮುಗಿಸುತ್ತಿದ್ದರು. ಇವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಮೊದಲು ಒಂದು ಒಳ್ಳೆ ಕುರ್ಚಿ, ಆಮೇಲೆ ಒಂದು ಫೋನ್ ಕೊಡತಕ್ಕದ್ದು."

ಇದನ್ನ ಬಿಳಿ ಹಾಳೆಯಲ್ಲಿ ಬರೆದೆ. ಕಚೇರಿ ಲೆಟರ್‌ಹೆಡ್ ಇಲ್ಲ, ಸೀಲಿಲ್ಲ, ಪತ್ರದ ಸಂಖ್ಯೆಯಿಲ್ಲ. ಪೆನ್ಷನ್ ಕಾಗದಗಳು ಇನ್ನೂ ಓಡಾಡ್ತಿರೋ ಹೊತ್ತಲ್ಲಿ, "ತಡವಾಗಿ ಬರುತ್ತಿದ್ದರು" ಅಂತ ಸೀಲು ಬಿದ್ದ ಹಾಳೆ ಯಾವ ಕಡತಕ್ಕೆ ಸೇರುತ್ತೋ ಹೇಳಕ್ಕಾಗಲ್ಲ. ಓದಿದವರು ನಗ್ತಾರೆ, ಕಡತಕ್ಕೆ ನಗೋಕೆ ಬರಲ್ಲ. ಅವರೇ ನಾಲ್ಕು ಜನರ ಮುಂದೆ ಹೇಳಿಕೊಂಡು ನಗ್ತಿದ್ದ ತಪ್ಪುಗಳನ್ನ ಮಾತ್ರ ಬರೆದೆ.

ಆದರೂ ಒಂದು ಪದದ ಹತ್ರ ಪೆನ್ನು ನಿಂತಿತ್ತು. ಸೋಮಾರಿ. ನಮ್ಮವರ ಬೆನ್ನ ಹಿಂದೆ ಈ ಪದ ಎಷ್ಟು ವರ್ಷದಿಂದ ಓಡಾಡ್ತಿದೆ ನಿಮಗೆ ಗೊತ್ತು. "ರಿಸರ್ವೇಶನ್‌ನವ್ರು, ಕೆಲ್ಸ ಎಲ್ಲಿ ಮಾಡ್ತಾರೆ" ಅನ್ನೋದನ್ನ ಅಣ್ಣನೂ ಕೇಳಿಸಿಕೊಂಡವರೇ. ಅದೇ ಪದವನ್ನ ಅದೇ ಹಾಲ್‌ನಲ್ಲಿ ನಾನು ಮೈಕ್ ಹಿಡಿದು ಹೇಳಬೇಕಲ್ಲ? ಹಿಂದಿನ ದಿನ ಅವರನ್ನೇ ಕೇಳಿದೆ. "ಅಣ್ಣಾ, ಸೋಮಾರಿ ಅಂತ ಹಾಕ್ಲಾ?"

ಚಹಾ ಮುಗಿಸಿ ಹೇಳಿದರು: "ಹಾಕಪ್ಪ. ಆದ್ರೆ ಹಿಂಬರಹದ ವಿಷ್ಯ ಬಿಡ್ಬೇಡ. ಬರೀ ಸೋಮಾರಿ ಅಂದ್ರೆ ಅದು ಅವ್ರ ಮಾತಾಗುತ್ತೆ. ಅದರ ಜೊತೆ ಕೆಲ್ಸಾನೂ ಹೇಳಿದ್ರೆ ನಮ್ ಮಾತಾಗುತ್ತೆ."

ಓದಿದೆ. ಕೆಂಪು ಶಾಯಿಗೆ ಎಲ್ಲರೂ ಒಟ್ಟಿಗೆ ನಕ್ಕರು. ಹಿಂಬರಹದ ಸಾಲಿಗೆ ಬಂದಾಗ ಹಿಂದೆ ನಿಂತಿದ್ದ ಅಟೆಂಡರ್‌ಗಳು ಮೊದಲು ನಕ್ಕರು. ಮುಂದಿನ ಸಾಲಿನವರು ಸ್ವಲ್ಪ ಲೇಟಾಗಿ ನಕ್ಕರು.