ಶಿಫಾರಸು ಪತ್ರವನ್ನು ಕೇಳುವ ಬಗೆ

ನಾವು ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಆ ಕಾಲದಲ್ಲಿ ನಾವು ಬರೆದುಕೊಟ್ಟ ಶಿಫಾರಸು ಪತ್ರಗಳು ಎಷ್ಟೋ. ಅವುಗಳಲ್ಲಿ ಎರಡು ಮಾತ್ರ ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತಿವೆ. ನಮ್ಮ ಹಳೆಯ ಶಿಷ್ಯರಿಬ್ಬರು ಒಂದೇ ಕಚೇರಿಯ ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಹಾಕಿ, ಒಬ್ಬರಿಗೊಬ್ಬರು ತಿಳಿಯದಂತೆ ಬೇರೆ ಬೇರೆ ದಿನಗಳಲ್ಲಿ ನಮ್ಮ ಮನೆಗೆ ಬಂದರು. “ಒಂದು ಪತ್ರ ಬರೆದುಕೊಡಿ, ಮೇಷ್ಟ್ರೇ” ಎಂದರೇ ಹೊರತು ಅವರು ಹೆಚ್ಚೇನನ್ನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ‘ವಿನಯಶೀಲನು, ಪರಿಶ್ರಮಿಯು, ಸತ್ಯಸಂಧನು’ ಎಂದು ಇಬ್ಬರಿಗೂ ಬರೆದು ರುಜು ಮಾಡಿದೆವು. ಸಂದರ್ಶನದಲ್ಲಿ ಅಧಿಕಾರಿಗಳು ಎರಡು ಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು, “ನಿಮ್ಮ ಮೇಷ್ಟ್ರಿಗೆ ಹುಡುಗರೆಲ್ಲ ಒಂದೇ ಏನಪ್ಪ?” ಎಂದು ನಕ್ಕರಂತೆ. ಕೆಲಸವು ಮೂರನೆಯವನಿಗೆ ದೊರೆಯಿತು. ವಿಶೇಷಣವನ್ನು ಬಳಸುವ ಬಗೆಯನ್ನು ಜೀವಮಾನವೆಲ್ಲ ಕಲಿಸಿದ ನಾವು, ಯಾರಿಗಾದರೂ ಹೊಂದುವ ವಿಶೇಷಣವು ಯಾರಿಗೂ ಹೊಂದಿದಂತಲ್ಲವೆಂಬುದನ್ನು ಅಂದು ಅರಿತೆವು.

ಈ ಹಳೆಯ ಕಥೆಯು ಕಳೆದ ವರ್ಷದ ಜೂನ್ ತಿಂಗಳಿನಲ್ಲಿ ನಮಗೆ ಮತ್ತೆ ನೆನಪಾಯಿತು. ನಮ್ಮ ತಮ್ಮನ ಮಗಳು ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ನಂಜನಗೂಡಿನ ಕಡೆಯ ಔಷಧ ಕಾರ್ಖಾನೆಯೊಂದರ ಪರೀಕ್ಷಾ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದಳು. ತಮ್ಮನ ಅಂಗಡಿ ಮುಚ್ಚಿ ವರ್ಷವಾಗಿತ್ತು; ಅವಳ ಹಿಂದೆ ಓದುವ ತಮ್ಮಂದಿರಿಬ್ಬರು. ಪ್ರಾಧ್ಯಾಪಕರೊಬ್ಬರ ಶಿಫಾರಸು 30ನೆಯ ತಾರೀಖಿನೊಳಗೆ ತಲುಪಬೇಕೆಂದು ಕಾರ್ಖಾನೆಯವರು ತಿಳಿಸಿದ್ದರು. ಅಂದು ತಾರೀಖು 12. ಅವಳು ಫೋನಿನಲ್ಲಿ ಟೈಪ್ ಮಾಡಿ ನಮಗೆ ತೋರಿಸಿದ ಒಕ್ಕಣೆ ಇಷ್ಟೇ: “ಸರ್, ನನಗೊಂದು ಶಿಫಾರಸು ಪತ್ರ ಬೇಕು. ದಯವಿಟ್ಟು ಬೇಗ ಕೊಡಿ.”

“ಇದನ್ನು ಯಾರಿಗೆ ಕಳುಹಿಸುತ್ತೀಯೆ, ಮಗು?” ಎಂದು ಕೇಳಿದೆವು.

“ವಿಭಾಗದ ಮುಖ್ಯಸ್ಥರಿಗೆ, ದೊಡ್ಡಪ್ಪ. ಅವರ ಹೆಸರಿಗೆ ತೂಕ ಹೆಚ್ಚು.”

“ಅವರು ನಿನ್ನನ್ನು ಬಲ್ಲರೆ?”

ಅವಳು ಸುಮ್ಮನಾದಳು. ಮುಖ್ಯಸ್ಥರು ಅರವತ್ತು ಮಂದಿಯ ತರಗತಿಗೆ ಒಂದು ಪತ್ರಿಕೆಯ ಪಾಠ ಹೇಳಿದವರು. ಆದರೆ ಅವಳ ಪ್ರಾಜೆಕ್ಟಿಗೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕರು ನಾಲ್ಕು ತಿಂಗಳು ಅವಳ ಕೈಕೆಲಸವನ್ನು ಕಣ್ಣಾರೆ ಕಂಡಿದ್ದರು. ಪದವಿ ಕಿರಿದಾದರೂ ಕಂಡವರ ಮಾತೇ ಸಾಕ್ಷಿ. ಕಾಣದವರು ಎಷ್ಟು ದೊಡ್ಡವರಾದರೂ ನಾವು ಬರೆದಂತಹುದನ್ನೇ ಬರೆಯಬೇಕಾಗುವುದು. ಆದುದರಿಂದ ಮಾರ್ಗದರ್ಶಕರನ್ನೇ ಕೇಳತಕ್ಕುದೆಂದು ನಿಶ್ಚಯಿಸಿದೆವು.

ಬಳಿಕ ಕೇಳುವ ಬಗೆ. ‘ಪತ್ರ ಕೊಡಿ’ ಎಂದರೆ ಸಂಕೋಚಪರರಾದ ಗುರುಗಳು ಒಲ್ಲೆನೆನ್ನಲಾರದೆ ಒಪ್ಪಿ, ಕೊನೆಗೆ ಎರಡು ಸಾಲಿನ ಸಪ್ಪೆ ಪತ್ರವನ್ನು ಕಳುಹಿಸುವುದುಂಟು. ಅಂತಹ ಪತ್ರವು ಅಭ್ಯರ್ಥಿಗೆ ಹಾನಿಯನ್ನೇ ಮಾಡುವುದು. ಆದುದರಿಂದ ಒಲ್ಲೆನೆನ್ನಲು ಅವರಿಗೊಂದು ಬಾಗಿಲನ್ನು ತೆರೆದಿಡಬೇಕು. ಅವಳು ಇಂಗ್ಲಿಷಿನಲ್ಲಿ ಬರೆದ ಈ-ಮೇಲಿನ ಮೊದಲ ಭಾಗದ ಸಾರವಿದು:

“ಮಾನ್ಯರೇ, ನಾನು ಈ ವರ್ಷ ತಮ್ಮ ಮಾರ್ಗದರ್ಶನದಲ್ಲಿ ಕೊಳವೆ ಬಾವಿಗಳ ನೀರಿನ ಗಡಸುತನದ ಪ್ರಾಜೆಕ್ಟನ್ನು ಮಾಡಿದ ವಿದ್ಯಾರ್ಥಿನಿ. ಔಷಧ ಕಾರ್ಖಾನೆಯ ಪರೀಕ್ಷಾ ಪ್ರಯೋಗಾಲಯದ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ. ತಾವು ನನ್ನ ಕೆಲಸವನ್ನು ಕಂಡ ಮಟ್ಟಿಗೆ ನನ್ನ ಪರವಾಗಿ ಒಳ್ಳೆಯ ಪತ್ರವನ್ನು ಬರೆಯಲು ಸಾಧ್ಯವೆಂದು ತಮಗೆ ತೋರುವುದೆ? ತಮಗೆ ಬಿಡುವಿಲ್ಲದಿದ್ದರೆ ಸಂಕೋಚವಿಲ್ಲದೆ ತಿಳಿಸಬೇಕಾಗಿ ಪ್ರಾರ್ಥನೆ. ಬೇರೆಯವರನ್ನು ಕೇಳಲು ನನಗಿನ್ನೂ ಸಮಯವಿದೆ.”

ಮರುದಿನವೇ ಒಪ್ಪಿಗೆ ಬಂದಿತು. ಆಗ ಎರಡನೆಯ ಈ-ಮೇಲನ್ನು ಬರೆಯಿಸಿದೆವು. ಬರೆಯುವವರು ಬೇರೆಲ್ಲಿಯೂ ಹುಡುಕಬಾರದು ಎಂಬುದೊಂದೇ ಅದರ ಉದ್ದೇಶ. ಅರ್ಜಿಯಲ್ಲಿರುವಂತೆಯೇ ಅವಳ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ಓದಿದ ವರ್ಷಗಳು; ಕೆಲಸದ ಹೆಸರು, ಪತ್ರವು ಯಾರನ್ನು ಸಂಬೋಧಿಸಬೇಕೆಂಬುದು, ಕೊನೆಯ ದಿನಾಂಕ, ತಲುಪಿಸುವ ದಾರಿ, ಇವಿಷ್ಟನ್ನು ಮೇಲೆಯೇ ಬರೆದಳು. ಕೆಲಸದ ಜಾಹೀರಾತು, ಅಂಕಪಟ್ಟಿ, ತನ್ನ ಪರಿಚಯದ ಒಂದು ಪುಟ, ಈ ಮೂರನ್ನೂ ಲಗತ್ತಿಸಿದಳು. ಜಾಹೀರಾತು ಏಕೆಂದರೆ, ಆ ಕೆಲಸಕ್ಕೆ ಯಾವ ಗುಣ ಬೇಕೆಂದು ತಿಳಿದ ಹೊರತು ಯಾವುದನ್ನು ಹೇಳಬೇಕೆಂದು ಬರೆಯುವವರಿಗೆ ತೋರದು. ಇಲ್ಲಿ ಬೇಕಾಗಿದ್ದುದು ನಿಖರತೆ ಮತ್ತು ದಾಖಲೆಯ ಶುದ್ಧಿ.

“ಇದಕ್ಕೆ ತಕ್ಕಂತೆ ನಿಮ್ಮ ಗುರುಗಳು ಕಂಡ ಒಂದು ಸಂಗತಿಯನ್ನು ಹೇಳು” ಎಂದೆವು.

“ನಾನು ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದೆ, ದೊಡ್ಡಪ್ಪ.”

“ಅದು ವಿಶೇಷಣ. ನಡೆದುದನ್ನು ಹೇಳು.”

ಬಹಳ ಹೊತ್ತು ಯೋಚಿಸಿ, ಹೇಳತಕ್ಕದ್ದಲ್ಲವೆಂಬ ಅನುಮಾನದಿಂದಲೇ ಅವಳು ಹೇಳಿದಳು. ನೀರಿನ ಗಡಸುತನವನ್ನು ಅಳೆಯುವಾಗ ಇ.ಡಿ.ಟಿ.ಎ. ಎಂಬ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಬಣ್ಣವು ಕೆಂಪಿನಿಂದ ಅಚ್ಚ ನೀಲಿಗೆ ತಿರುಗಿದೊಡನೆ ನಿಲ್ಲಿಸಬೇಕು. ಒಂದು ದಿನ ಆ ತಿರುವು ಸ್ಪಷ್ಟವಾಗಿ ಕಾಣಲಿಲ್ಲ. ಒಂದೇ ನೀರಿಗೆ ಮೂರು ಸಲ ಮೂರು ಬೇರೆ ಅಳತೆಗಳು ಬಂದವು. ನೀರಿನ ಕ್ಷಾರತೆಯನ್ನು ಒಂದೇ ಮಟ್ಟದಲ್ಲಿಡಲು ಬೆರೆಸುವ ಬಫರ್ ದ್ರಾವಣವು ಹಳೆಯದಾಗಿ, ಅದರ ಅಮೋನಿಯಾ ಹಾರಿಹೋಗಿದ್ದುದೇ ಕಾರಣವೆಂದು ಅವಳು ಕಂಡುಕೊಂಡಳು. ಹೊಸದನ್ನು ತಯಾರಿಸಿ, ಹಿಂದಿನ ದಿನ ಮುಗಿಸಿದ್ದ ಆರು ಬಾವಿಗಳ ನೀರನ್ನೂ ಮತ್ತೆ ಪರೀಕ್ಷಿಸಿದಳು. ಹಳೆಯ ಅಂಕಿಗಳನ್ನು ಅಳಿಸದೆ, ಒಂದು ಗೆರೆ ಎಳೆದು ಕಾರಣವನ್ನು ಪಕ್ಕದಲ್ಲಿ ಬರೆದಳು. ಪ್ರಾಧ್ಯಾಪಕರು ಅಂದು ಆ ಪುಟಕ್ಕೆ ರುಜು ಹಾಕಿದ್ದರು.

“ಅದು ನನ್ನ ತಪ್ಪಿನ ಕಥೆಯಲ್ಲವೆ?” ಎಂದಳು.

“ಅಲ್ಲ, ಮಗು. ಔಷಧವನ್ನು ಪರೀಕ್ಷಿಸುವವರಿಗೆ ಬೇಕಾದುದು ಇದೇ” ಎಂದೆವು. ಆ ಸಂಗತಿಯನ್ನು ಐದು ಸಾಲುಗಳಲ್ಲಿ ಬರೆದು, ದಾಖಲೆ ಪುಸ್ತಕದ ಆ ಪುಟದ ಚಿತ್ರವನ್ನು ಜೊತೆಗಿಟ್ಟಳು. ‘ತಮಗೆ ಉಚಿತವೆನಿಸಿದರೆ ಮಾತ್ರ’ ಎಂಬ ಮಾತನ್ನೂ ಸೇರಿಸಿದಳು. ಏಕೆಂದರೆ ನೆನಪಿಸುವುದು ಶಿಷ್ಯರ ಕೆಲಸ, ಹೊಗಳುವುದೂ ಬಿಡುವುದೂ ಗುರುಗಳ ಕೆಲಸ. ಕೆಲವು ಗುರುಗಳು ಕರಡನ್ನು ನೀನೇ ಬರೆದು ತಾ ಎನ್ನುವುದುಂಟು. ಆಗಲೂ ಇಂತಹ ಸಂಗತಿಗಳನ್ನು ಬರೆಯಬಹುದು. ಗುಣವಾಚಕಗಳ ಜಾಗವನ್ನು ಅವರಿಗೇ ಬಿಡತಕ್ಕುದು.

ಒಂದು ತೊಡಕು ಬಾರದಿರಲಿಲ್ಲ. ಶಿಫಾರಸಿನ ನಮೂನೆಯನ್ನು ಕಾರ್ಖಾನೆಯವರು ನೇರವಾಗಿ ಪ್ರಾಧ್ಯಾಪಕರಿಗೇ ಕಳುಹಿಸುವ ಏರ್ಪಾಡಿತ್ತು. 23ರ ವರೆಗೂ ಅರ್ಜಿಯ ಪುಟದಲ್ಲಿ ‘ಶಿಫಾರಸು ಬಂದಿಲ್ಲ’ ಎಂದೇ ಇತ್ತು. ಅವಳು ಅಂದು ಎರಡು ಸಾಲಿನ ಜ್ಞಾಪನೆಯನ್ನು ಬರೆದು, ನಮೂನೆಯು ಯಾವ ವಿಳಾಸದಿಂದ ಬರುವುದೆಂಬುದನ್ನೂ, ಅದು ಸ್ಪಾಮ್ ಪೆಟ್ಟಿಗೆಗೆ ಬಿದ್ದಿರಬಹುದೆಂಬುದನ್ನೂ ತಿಳಿಸಿದಳು. ಅದು ಅಲ್ಲಿಯೇ ಇತ್ತು. 25ರಂದು ಪತ್ರ ತಲುಪಿತು. ಕೊನೆಯ ದಿನಕ್ಕೆ ವಾರ ಮೊದಲೇ ವಿಚಾರಿಸದಿದ್ದರೆ ಅಷ್ಟೂ ಶ್ರಮ ವ್ಯರ್ಥವಾಗುತ್ತಿತ್ತು.

ಪತ್ರದಲ್ಲಿ ಏನಿತ್ತೆಂಬುದನ್ನು ಅವಳು ಕೇಳಲಿಲ್ಲ. ಕೇಳುವುದು ಉಚಿತವೂ ಅಲ್ಲ. ಆದರೆ ಸಂದರ್ಶನದಲ್ಲಿ, “ಆ ಆರು ಬಾವಿಗಳನ್ನು ಮತ್ತೆ ಏಕೆ ಪರೀಕ್ಷಿಸಿದಿರಿ?” ಎಂದು ಕೇಳಿದಾಗ ಅವಳಿಗೆ ತಿಳಿಯಿತು. ಲಿಖಿತ ಪರೀಕ್ಷೆಯನ್ನು ಅವಳೇ ಬರೆದು ಗೆಲ್ಲಬೇಕಾಗಿತ್ತು, ಗೆದ್ದಳು. ಕೆಲಸ ದೊರೆತ ಸುದ್ದಿಯನ್ನು ನಮಗಿಂತಲೂ ಮೊದಲು ಗುರುಗಳಿಗೆ ತಿಳಿಸಿದಳು.

ಅಂದಿನ ರಾತ್ರಿ ನಮಗೆ ಆ ಇಬ್ಬರು ಶಿಷ್ಯರಲ್ಲಿ ಒಬ್ಬನು ಜ್ಞಾಪಕಕ್ಕೆ ಬಂದನು. ಅವನು ಎರಡು ವರ್ಷ ನಮ್ಮ ಶಾಲೆಯ ಪುಸ್ತಕಭಂಡಾರದ ಲೆಕ್ಕವನ್ನಿಟ್ಟು, ಒಂದು ಪುಸ್ತಕವೂ ಕಳೆಯದಂತೆ ನೋಡಿಕೊಂಡವನು. ಗುಮಾಸ್ತೆಯ ಕೆಲಸಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಅವನು ಅದನ್ನು ಹೇಳಲಿಲ್ಲ, ನಾವು ಬರೆಯಲಿಲ್ಲ.